ಮಿತಿ ಮೊದಲು, ಸ್ಟ್ರೈಕ್ ಆಮೇಲೆ: ವಾರದ ನಿಫ್ಟಿ ಸ್ಟ್ರ್ಯಾಂಗಲ್ ಮಾರುವ ಗೆಳೆಯರಿಗೊಂದು ಬಹಿರಂಗ ಪತ್ರ



ಸಂಬಳದ ಕೆಲಸವನ್ನೋ ಅಂಗಡಿಯನ್ನೋ ನೋಡಿಕೊಂಡು, ಉಳಿಸಿದ ನಾಲ್ಕೈದು ಲಕ್ಷ ರೂಪಾಯಿಯಲ್ಲಿ ವಾರವಾರ ನಿಫ್ಟಿ ಸ್ಟ್ರ್ಯಾಂಗಲ್ ಮಾರುವ ನಿಮಗೆಲ್ಲ ಈ ಪತ್ರ. ನಾನೂ ಅದೇ ಕೆಲಸ ಮಾಡುವವನು. ನಮ್ಮ ನಡುವೆ ಮಾತು ಶುರುವಾದರೆ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ‘ಮಾರ್ಕೆಟ್ ಒಂದು ಕಡೆ ಓಡಿದರೆ ಅಡ್ಜಸ್ಟ್ ಹೇಗೆ ಮಾಡ್ತೀರಿ?’ ಪ್ರಶ್ನೆ ಸರಿಯೇ. ಆದರೆ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಈ ವಾರ ಎಲ್ಲವೂ ಕೆಟ್ಟರೆ ಎಷ್ಟು ರೂಪಾಯಿ ಹೋಗುತ್ತದೆ? ಇದಕ್ಕೆ ಆರ್ಡರ್ ಹಾಕುವ ಮುನ್ನವೇ ರೂಪಾಯಿಯಲ್ಲಿ ಉತ್ತರ ಇಲ್ಲದಿದ್ದರೆ, ಸ್ಟಾಪ್‌ಲಾಸ್ ಆಗಲಿ ಅಡ್ಜಸ್ಟ್‌ಮೆಂಟ್ ಆಗಲಿ ನಿಮ್ಮನ್ನು ಕಾಯುವುದಿಲ್ಲ. ಎಷ್ಟೋ ಸಲ ಅಡ್ಜಸ್ಟ್‌ಮೆಂಟೇ ನಷ್ಟವನ್ನು ದೊಡ್ಡದು ಮಾಡುತ್ತದೆ. ಅದು ಹೇಗೆ ಎಂಬುದನ್ನು ಒಂದೇ ಒಂದು ವಾರದ ಉದಾಹರಣೆ ಹಿಡಿದು ಹೇಳುತ್ತೇನೆ.

ಬುಧವಾರ ಮಧ್ಯಾಹ್ನ ಎಂದುಕೊಳ್ಳಿ. ನಿಫ್ಟಿ 25,000ದಲ್ಲಿದೆ, ಇಂಡಿಯಾ ವಿಕ್ಸ್ 14ರ ಆಸುಪಾಸು. ಎಕ್ಸ್‌ಪೈರಿ ಬರುವ ಮಂಗಳವಾರ. 25,500ರ ಕಾಲ್ ಸುಮಾರು 30 ರೂಪಾಯಿಗೂ 24,500ರ ಪುಟ್ ಸುಮಾರು 40 ರೂಪಾಯಿಗೂ ಸಿಗುತ್ತವೆ. ಎರಡೂ ಕಡೆ 500 ಪಾಯಿಂಟ್ ದೂರವಿದ್ದರೂ ಪುಟ್ ದುಬಾರಿ, ಏಕೆಂದರೆ ಬೀಳುವ ಭಯಕ್ಕೆ ಜನ ಯಾವತ್ತೂ ಹೆಚ್ಚು ಕೊಡುತ್ತಾರೆ. ಒಟ್ಟು 70 ರೂಪಾಯಿ, ಲಾಟ್ 65. ಕೈಗೆ ಬರುವುದು 4,550 ರೂಪಾಯಿ. ಈ ಬೆಲೆಗಳು, ಮುಂದೆ ಬರುವ ಬೆಲೆಗಳು ಎಲ್ಲವೂ ಅಂದಾಜಿನ ಲೆಕ್ಕ. ನಿಮ್ಮ ಪರದೆಯ ಮೇಲೆ ನಾಲ್ಕೈದು ರೂಪಾಯಿ ಹೆಚ್ಚುಕಡಿಮೆ ಕಾಣಬಹುದು, ಆದರೆ ವಿಷಯ ಬದಲಾಗುವುದಿಲ್ಲ.

ಹೀಗೆ ಬರೀ ಎರಡನ್ನೇ ಮಾರಿ ಕೂತರೆ ಒಂದು ಲಾಟಿಗೆ ಎರಡು ಲಕ್ಷದ ಆಸುಪಾಸು ಮಾರ್ಜಿನ್ ಹೋಗುತ್ತದೆ. ಐದು ಲಕ್ಷ ಇರುವವರು ಎರಡು ಲಾಟ್ ಹಾಕುತ್ತಾರೆ. ನಷ್ಟಕ್ಕೆ ಮಿತಿ ಯಾವುದು ಎಂದು ಕೇಳಿದರೆ ‘ಸ್ಟಾಪ್ ಹಾಕಿದ್ದೇನಲ್ಲ’ ಎನ್ನುತ್ತಾರೆ. ಇಲ್ಲಿಯೇ ನನಗೂ ಅವರಿಗೂ ಭಿನ್ನಾಭಿಪ್ರಾಯ.

2025ರ ಏಪ್ರಿಲ್ 4, ಶುಕ್ರವಾರ ನಿಫ್ಟಿ 22,904ರಲ್ಲಿ ಮುಚ್ಚಿತು. ಅಮೆರಿಕದ ಸುಂಕದ ಸುದ್ದಿಗೆ ಜಗತ್ತೆಲ್ಲ ನಡುಗಿತು. ಸೋಮವಾರ, 7ನೇ ತಾರೀಖು, ನಿಫ್ಟಿ ತೆರೆದದ್ದು 21,758ರಲ್ಲಿ. ಒಂದೇ ಏಟಿಗೆ 1,146 ಪಾಯಿಂಟ್ ಕೆಳಗೆ. ಶುಕ್ರವಾರ 22,400ರ ಪುಟ್ ಮಾರಿದ್ದವರು 500 ಪಾಯಿಂಟ್ ದೂರ ಇದ್ದೇವೆ ಎಂದು ನಿಶ್ಚಿಂತೆಯಿಂದ ಮಲಗಿದ್ದರು. ಸೋಮವಾರ ಮೊದಲ ವಹಿವಾಟಿನ ಹೊತ್ತಿಗೇ ಆ ಪುಟ್ 640 ಪಾಯಿಂಟ್ ಒಳಗೆ ಹೋಗಿತ್ತು. ಎರಡು ಪಟ್ಟಿಗೆ ಸ್ಟಾಪ್ ಇಟ್ಟಿದ್ದರು ಎನ್ನೋಣ. ಆ ಬೆಲೆಯಲ್ಲಿ ವಹಿವಾಟು ನಡೆಯಲೇ ಇಲ್ಲ, ಆದ್ದರಿಂದ ಸ್ಟಾಪ್ ಕೆಲಸ ಮಾಡಲು ಜಾಗವೇ ಇರಲಿಲ್ಲ. ಅದೇ ವರ್ಷದ ಮೇ 12ರಂದು ಇದರ ಉಲ್ಟಾ ನಡೆಯಿತು. ಕದನವಿರಾಮದ ಸುದ್ದಿಯ ಮೇಲೆ 24,008ರಲ್ಲಿದ್ದ ನಿಫ್ಟಿ ಒಂದೇ ದಿನದಲ್ಲಿ 24,924ಕ್ಕೆ ಹೋಗಿ ಮುಚ್ಚಿತು. ಬೀಳುವುದಕ್ಕಷ್ಟೇ ಹೆದರಿ ಕಾಲ್ ಕಡೆ ಅಸಡ್ಡೆ ಮಾಡಿದವರಿಗೆ ಆ ದಿನ ಪಾಠವಾಯಿತು.

ಇದಕ್ಕೆ ಆರ್ಡರಿನ ತಾಂತ್ರಿಕ ಕಾರಣವೂ ಒಂದಿದೆ, ಅದನ್ನು ಎಲ್ಲರೂ ತಿಳಿದಿರಬೇಕು. 2021ರ ಸೆಪ್ಟೆಂಬರ್‌ನಿಂದ ಎನ್‌ಎಸ್‌ಇ ಆಪ್ಷನ್‌ಗಳಲ್ಲಿ ಎಸ್‌ಎಲ್-ಎಂ ಆರ್ಡರನ್ನು ನಿಲ್ಲಿಸಿದೆ. ಈಗ ಇರುವುದು ಟ್ರಿಗರ್ ಬೆಲೆ, ಲಿಮಿಟ್ ಬೆಲೆ ಎರಡನ್ನೂ ಕೊಡಬೇಕಾದ ಎಸ್‌ಎಲ್-ಲಿಮಿಟ್ ಮಾತ್ರ. 80ಕ್ಕೆ ಟ್ರಿಗರ್, 90ಕ್ಕೆ ಲಿಮಿಟ್ ಇಟ್ಟಿದ್ದೀರಿ, ಬೆಲೆ ನೇರ 600ರಲ್ಲಿ ತೆರೆಯಿತು. ಟ್ರಿಗರ್ ಆಗುತ್ತದೆ, 90ಕ್ಕೆ ಕೊಳ್ಳುವ ಆರ್ಡರ್ ಪಟ್ಟಿಯಲ್ಲಿ ಹೋಗಿ ನಿಲ್ಲುತ್ತದೆ, 90ಕ್ಕೆ ಮಾರಲು ಒಬ್ಬನೂ ಇರುವುದಿಲ್ಲ. ಅದೂ ಸಾಲದು ಎಂಬಂತೆ ಈ ಆರ್ಡರಿನ ಆಯುಷ್ಯ ಒಂದು ದಿನ. ಶುಕ್ರವಾರ ಹಾಕಿದ್ದು ಶುಕ್ರವಾರಕ್ಕೇ ಮುಗಿಯಿತು, ಸೋಮವಾರ ಬೆಳಿಗ್ಗೆ ಹೊಸದಾಗಿ ಹಾಕಬೇಕು.

ಹಾಗಾಗಿ ನಾನು ಎರಡು ಮಿತಿ ಇಟ್ಟುಕೊಳ್ಳುತ್ತೇನೆ. ಒಂದು, ಮಾರುಕಟ್ಟೆ ನಡೆಯುತ್ತಿರುವಾಗಿನದು: ವಾರಕ್ಕೆ ಬಂಡವಾಳದ ಶೇ. 1, ಅಂದರೆ ಐದು ಲಕ್ಷಕ್ಕೆ 5,000 ರೂಪಾಯಿ. ಇದನ್ನು ಸ್ಟಾಪ್ ಕಾಯುತ್ತದೆ. ಇನ್ನೊಂದು, ಬಾಗಿಲು ಮುಚ್ಚಿದ್ದಾಗಿನದು: ಹೆಚ್ಚೆಂದರೆ ಶೇ. 6, ಅಂದರೆ 30,000. ಇದನ್ನು ಕಾಯುವುದು ಕೊಂಡಿಟ್ಟ ದೂರದ ಆಪ್ಷನ್‌ಗಳು ಮಾತ್ರ. ನಮ್ಮ ಉದಾಹರಣೆಯಲ್ಲಿ 26,000ದ ಕಾಲ್ 5 ರೂಪಾಯಿಗೆ, 24,000ದ ಪುಟ್ 12 ರೂಪಾಯಿಗೆ ಸಿಗುತ್ತವೆ ಎನ್ನಿ. 17 ರೂಪಾಯಿ ಖರ್ಚಾಗಿ 70ರಲ್ಲಿ ಉಳಿಯುವುದು 53. ನಿಫ್ಟಿ ಎಲ್ಲಿಗೇ ಹೋಗಲಿ, ಎಕ್ಸ್‌ಪೈರಿಯಲ್ಲಿ ಒಂದು ಕಡೆ 500 ಪಾಯಿಂಟಿಗಿಂತ ಹೆಚ್ಚು ಹೋಗುವುದಿಲ್ಲ. 500ರಲ್ಲಿ 53 ಕಳೆದರೆ 447, ಅದಕ್ಕೆ 65 ಗುಣಿಸಿದರೆ 29,055 ರೂಪಾಯಿ. ಮೂವತ್ತು ಸಾವಿರದ ಒಳಗಿದೆ. ಹಾಗಾದರೆ ಒಂದು ಲಾಟ್ ಮಾತ್ರ.

‘ಇದು ಐರನ್ ಕಾಂಡರ್ ಆಯಿತು, ಸ್ಟ್ರ್ಯಾಂಗಲ್ ಎಲ್ಲಿ?’ ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಹೆಸರು ಏನಾದರೂ ಇರಲಿ. ನಾನು ನಿರ್ವಹಿಸುವುದು ಮಾರಿದ ಎರಡನ್ನೇ, ಸ್ಟಾಪ್ ಲೆಕ್ಕ ಹಾಕುವುದೂ ಅವುಗಳ ಮೇಲೆಯೇ. ಕೊಂಡ ಎರಡು ಸುಮ್ಮನೆ ಇರುತ್ತವೆ. ನನಗೆ ಹೆಚ್ಚು ಚಿಂತೆ ಇರುವುದು ಇನ್ನೊಂದು ವಿಷಯದಲ್ಲಿ. ಹೆಡ್ಜ್ ಕೊಂಡ ಕೂಡಲೇ ಮಾರ್ಜಿನ್ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಖಾತೆಯಲ್ಲಿ ಹಣ ಮಿಕ್ಕಿದ್ದು ಕಾಣುತ್ತದೆ. ಒಂದಿದ್ದ ಕಡೆ ನಾಲ್ಕು ಲಾಟ್, ಆರು ಲಾಟ್ ಮಾರಬಹುದು ಎಂದು ಬ್ರೋಕರ್ ಆಪ್ ತೋರಿಸುತ್ತದೆ. ಆರು ಲಾಟ್ ಮಾರಿದರೆ ಅತಿ ಕೆಟ್ಟ ನಷ್ಟ 1,74,330 ರೂಪಾಯಿ, ಬಂಡವಾಳದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಲಾಟ್ ಎಷ್ಟು ಎಂಬುದನ್ನು ಮಾರ್ಜಿನ್‌ಗೆ ಕೇಳಬೇಡಿ, ಮಿತಿಗೆ ಕೇಳಿ.

ಈಗ ಸ್ಟಾಪ್. ನಿಫ್ಟಿ ಇಂಥ ಮಟ್ಟ ದಾಟಿದರೆ ಹೊರಗೆ ಎನ್ನುವ ಬದಲು, ಪ್ರೀಮಿಯಂ ಇಷ್ಟಾದರೆ ಹೊರಗೆ ಎನ್ನುವುದು ನನಗೆ ಹೆಚ್ಚು ಸರಿ ಅನಿಸುತ್ತದೆ. ಕಾರಣ ಒಂದು ಲೆಕ್ಕದಲ್ಲಿದೆ. ನಿಫ್ಟಿ 25,000ದಲ್ಲೇ ನಿಂತಿದ್ದು ವಿಕ್ಸ್ ಮಾತ್ರ 14ರಿಂದ 17ಕ್ಕೆ ಏರಿತು ಅಂದುಕೊಳ್ಳಿ. ನಾವು 70ಕ್ಕೆ ಮಾರಿದ ಜೋಡಿ 120ರ ಹತ್ತಿರ ಹೋಗುತ್ತದೆ. ಸೂಚ್ಯಂಕದ ಮಟ್ಟ ನೋಡಿಕೊಂಡು ಕೂತವರಿಗೆ ಏನೂ ಆಗಿಲ್ಲ ಅನಿಸುತ್ತದೆ, ಆದರೆ 3,000 ರೂಪಾಯಿಗೂ ಹೆಚ್ಚು ಆಗಲೇ ಹೋಗಿದೆ, ಜೊತೆಗೆ ಮಾರುಕಟ್ಟೆ ಏನನ್ನೋ ನಿರೀಕ್ಷಿಸುತ್ತಿದೆ. ಪ್ರೀಮಿಯಂ ಈ ಭಯವನ್ನೂ ಸೇರಿಸಿ ಅಳೆಯುತ್ತದೆ.

ಆದರೆ ಯಾವ ಪ್ರೀಮಿಯಂ? ನಮ್ಮಲ್ಲಿ ಬಹಳ ಮಂದಿ ಪ್ರತಿ ಕಾಲಿಗೂ ಎರಡು ಪಟ್ಟಿನ ಸ್ಟಾಪ್ ಇಡುತ್ತಾರೆ. 30ರ ಕಾಲ್‌ಗೆ 60, 40ರ ಪುಟ್‌ಗೆ 80. ಮೊದಲ ದಿನವೇ ಆದರೆ ಕಾಲ್ 60 ಮುಟ್ಟಲು ನಿಫ್ಟಿ ಸುಮಾರು 150 ಪಾಯಿಂಟ್ ಏರಿದರೆ ಸಾಕು. ಪುಟ್ 80 ಮುಟ್ಟಲು 130 ಪಾಯಿಂಟ್ ಇಳಿದರೂ ಆಯಿತು, ಏಕೆಂದರೆ ಇಳಿಯುವಾಗ ವಿಕ್ಸ್ ಕೂಡ ಎರಡು ಅಂಕ ಮೇಲೆ ಹೋಗಿರುತ್ತದೆ. ವಿಕ್ಸ್ 14 ಇದ್ದಾಗ ನಿಫ್ಟಿಯ ಸಾಧಾರಣ ಒಂದು ದಿನದ ಓಡಾಟವೇ 220 ಪಾಯಿಂಟ್. ಅಂದರೆ ಏನೂ ವಿಶೇಷವಿಲ್ಲದ ದಿನದಲ್ಲೂ ಈ ಸ್ಟಾಪ್ ಹೊಡೆಯುತ್ತದೆ. ಹೊಡೆದ ಮೇಲೆ ನಿಫ್ಟಿ ತಿರುಗಿ ಬರುತ್ತದೆ, ನೀವು ಮತ್ತೆ ಮಾರುತ್ತೀರಿ, ಈ ಸಲ ಇನ್ನೊಂದು ಕಾಲಿನ ಸ್ಟಾಪ್ ಹೊಡೆಯುತ್ತದೆ. ಹೀಗೆ ತಿಂಗಳು ಪೂರ್ತಿ ಸಣ್ಣ ಸಣ್ಣ ಗಾಯ.

ನಾನು ನೋಡುವುದು ಜೋಡಿಯ ಮೊತ್ತವನ್ನು. 70ಕ್ಕೆ ಮಾರಿದ್ದು ಒಂದೂವರೆ ಪಟ್ಟು, ಅಂದರೆ 105 ಆದರೆ ಹೊರಗೆ. ಹೋಗುವುದು 35 ಪಾಯಿಂಟ್, ಲಾಟಿಗೆ 2,275 ರೂಪಾಯಿ. ನಿಫ್ಟಿ 150 ಏರಿದಾಗ ಕಾಲ್ 60 ಆಗಿರುತ್ತದೆ, ಆದರೆ ಪುಟ್ 25ಕ್ಕೆ ಇಳಿದಿರುತ್ತದೆ. ಮೊತ್ತ 85, ಇನ್ನೂ ಒಳಗೇ ಇದ್ದೇವೆ. ಮೊದಲ ದಿನದಲ್ಲಿ 105 ಮುಟ್ಟಲು ಸುಮಾರು 260 ಪಾಯಿಂಟ್ ಏರಬೇಕು, ಅದು ಸಾಧಾರಣ ದಿನದ ಓಡಾಟಕ್ಕಿಂತ ಹೆಚ್ಚು. ಆಗ ಹೊರಬಿದ್ದರೆ ಬೇಸರವಿಲ್ಲ.

ತೊಡಕು ಎಂದರೆ, ಎರಡರ ಮೊತ್ತಕ್ಕೆ ಎಕ್ಸ್‌ಚೇಂಜಿನಲ್ಲಿ ಸ್ಟಾಪ್ ಆರ್ಡರ್ ಇಲ್ಲ. ಅದನ್ನು ನಾವು ಕಣ್ಣಿಟ್ಟು ಕಾಯಬೇಕು, ಇಲ್ಲವೇ ಬ್ರೋಕರ್ ಕೊಡುವ ಒಟ್ಟು ನಷ್ಟದ ಸೌಲಭ್ಯ ಬಳಸಬೇಕು. ಕೆಲಸದ ಮೇಲಿದ್ದಾಗ ಫೋನ್ ನೋಡಲಾಗದ ಹೊತ್ತು ಇದ್ದೇ ಇರುತ್ತದೆ. ಅದಕ್ಕೆಂದು ಪ್ರತಿ ಕಾಲಿಗೂ ಮೂರು ಪಟ್ಟಿನಲ್ಲಿ, ಅಂದರೆ ಕಾಲ್‌ಗೆ 90, ಪುಟ್‌ಗೆ 120ರಲ್ಲಿ, ಬೆಳಿಗ್ಗೆಯೇ ಎಸ್‌ಎಲ್-ಲಿಮಿಟ್ ಹಾಕಿಡುತ್ತೇನೆ. ಲಿಮಿಟ್ ಬೆಲೆಯನ್ನು ಟ್ರಿಗರ್‌ಗಿಂತ ಹತ್ತು ಹದಿನೈದು ರೂಪಾಯಿ ಮೇಲೆ ಇಡುತ್ತೇನೆ. ಒಂದೆರಡು ರೂಪಾಯಿಯ ಅಂತರ ಇಟ್ಟರೆ ಓಡುವ ಮಾರುಕಟ್ಟೆಯಲ್ಲಿ ಆರ್ಡರ್ ಹಿಂದೆ ಬೀಳುತ್ತದೆ. ಮತ್ತೊಂದು: ಮೊತ್ತ ಕೂಡಿಸುವಾಗ ಕೊನೆಯ ವಹಿವಾಟಿನ ಬೆಲೆ ನೋಡಬೇಡಿ, ಈಗ ಕೊಳ್ಳಲು ಹೋದರೆ ನಾವು ಕೊಡಬೇಕಾದ ಬೆಲೆ ನೋಡಿ. ಬೆಳಿಗ್ಗೆ ಒಂಬತ್ತೂಕಾಲರ ಮೊದಲ ಕೆಲವು ನಿಮಿಷಗಳಲ್ಲಿ ಈ ಎರಡರ ನಡುವೆ ಬಹಳ ಅಂತರ ಇರುತ್ತದೆ.

ದಿನ ಕಳೆದಂತೆ ಈ ಸ್ಟಾಪಿನ ಸ್ವಭಾವವೇ ಬದಲಾಗುತ್ತದೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಬುಧವಾರ ಕಾಲ್ 60 ಆಗಲು ನಿಫ್ಟಿ 25,150ಕ್ಕೆ ಬಂದರೆ ಸಾಕಿತ್ತು. ಸೋಮವಾರ ಮುಚ್ಚುವ ಹೊತ್ತಿಗೆ ಅದೇ ಕಾಲ್ 60 ಆಗಬೇಕಾದರೆ ನಿಫ್ಟಿ ಸುಮಾರು 25,435ರಲ್ಲಿ ಇರಬೇಕು, ನಮ್ಮ ಸ್ಟ್ರೈಕಿಗೆ ಬರೀ 65 ಪಾಯಿಂಟ್ ದೂರ. ಅಲ್ಲಿಯವರೆಗೆ ಸ್ಟಾಪ್ ಸುಮ್ಮನಿರುತ್ತದೆ. ಅಲ್ಲಿಂದ ಮುಂದೆ ನಿಫ್ಟಿ ಇನ್ನೊಂದು 100 ಏರಿದರೆ ಏನಾಗುತ್ತದೆ? ಬುಧವಾರವಾಗಿದ್ದರೆ 60ರ ಕಾಲ್ 85 ಆಗುತ್ತಿತ್ತು. ಸೋಮವಾರ ಅದು 105 ದಾಟುತ್ತದೆ. ಸ್ಟಾಪಿನ ಬೆಲೆ ಒಂದೇ, ಆದರೆ ಕೊನೆಯ ದಿನಗಳಲ್ಲಿ ಅದು ಅಪಾಯದ ಅಂಚಿನ ತನಕ ಬಿಟ್ಟು ಆಮೇಲೆ ಎಚ್ಚರಿಸುತ್ತದೆ, ಎಚ್ಚರಿಸಿದ ಮೇಲೆ ಹೊರಬೀಳಲು ಸಮಯವನ್ನೂ ಕೊಡುವುದಿಲ್ಲ. ಸಿಗುವ ಉಳಿದ ಲಾಭವೂ ಆಗ ಹತ್ತು ಹದಿನೈದು ರೂಪಾಯಿಯಷ್ಟೇ. ಆದ್ದರಿಂದ ಸೋಮವಾರ ಮಧ್ಯಾಹ್ನದ ಒಳಗೆ ನಾನು ಎಲ್ಲವನ್ನೂ ಮುಚ್ಚುತ್ತೇನೆ. ಅದಕ್ಕೂ ಮೊದಲು ಅರ್ಧ ಪ್ರೀಮಿಯಂ ಕರಗಿದ್ದರೆ ಅಲ್ಲಿಯೇ ಮುಗಿಸುತ್ತೇನೆ. ಮಂಗಳವಾರದ ಆಟ ಬೇರೆ. ಆ ದಿನ ಮಾರಿದ ಆಪ್ಷನ್‌ಗಳಿಗೆ ಸೆಬಿ ಶೇ. 2 ಹೆಚ್ಚುವರಿ ಮಾರ್ಜಿನ್ ವಿಧಿಸಿರುವುದು ಸುಮ್ಮನೆ ಅಲ್ಲ.

ಇನ್ನು ನೀವು ಕಾಯುತ್ತಿರುವ ಅಡ್ಜಸ್ಟ್‌ಮೆಂಟ್. ಗುರುವಾರ ಮಧ್ಯಾಹ್ನಕ್ಕೆ ನಿಫ್ಟಿ 25,220ಕ್ಕೆ ಏರಿದೆ. ಕಾಲ್ 55, ಪುಟ್ 12. ಮೊತ್ತ 67, ಮಾರಿದ ಲೆಕ್ಕದಲ್ಲಿ ಇನ್ನೂ ಮೂರು ರೂಪಾಯಿ ಲಾಭ. ಆದರೂ ಮನಸ್ಸಿಗೆ ನೆಮ್ಮದಿ ಇಲ್ಲ, ಏಕೆಂದರೆ ಪುಟ್ ಕಡೆ ಕರಗಲು ಇನ್ನು ಹೆಚ್ಚೇನೂ ಉಳಿದಿಲ್ಲ, ಭಾರವೆಲ್ಲ ಕಾಲ್ ಮೇಲೆ ಬಿದ್ದಿದೆ. ಇಂಥ ಹೊತ್ತಿನಲ್ಲಿ ಜನ ಎರಡರಲ್ಲಿ ಒಂದು ಕೆಲಸ ಮಾಡುತ್ತಾರೆ.

ಮೊದಲನೆಯದು, ಪೆಟ್ಟು ತಿನ್ನುತ್ತಿರುವ ಕಾಲನ್ನು ದೂರ ಸರಿಸುವುದು. 25,500ರ ಕಾಲ್ ಅನ್ನು 55ಕ್ಕೆ ಕೊಂಡು, 25,700ರದ್ದನ್ನು ಮಾರುವುದು. ಅದಕ್ಕೆ ಸಿಗುವುದು 22 ರೂಪಾಯಿ. 55ನ್ನು ಸರಿದೂಗಿಸಬೇಕಾದರೆ ಎರಡೂವರೆ ಲಾಟ್ ಬೇಕು, ಅರ್ಧ ಲಾಟ್ ಇಲ್ಲದ್ದರಿಂದ ಮೂರು ಮಾರುತ್ತಾರೆ. ಒಂದು ಲಾಟಿನ ಮೇಲೆ ಕಟ್ಟಿದ ಮಿತಿ ಆ ಕ್ಷಣಕ್ಕೆ ಮುರಿದುಬಿತ್ತು. ಮೇಲೇರುವ ಮಾರುಕಟ್ಟೆಯಲ್ಲಿ ಮೂರು ಪಟ್ಟು ಕಾಲ್ ಮಾರಿ ಕೂತಿದ್ದೀರಿ. ಇದನ್ನು ದಯವಿಟ್ಟು ಅಡ್ಜಸ್ಟ್‌ಮೆಂಟ್ ಎನ್ನಬೇಡಿ. ಲಾಟ್ ಹೆಚ್ಚಿಸುವ ಯಾವುದೂ ನನ್ನ ನಿಯಮದಲ್ಲಿ ಇಲ್ಲ.

ಎರಡನೆಯದು, ಬಡವಾದ ಪುಟ್ ಅನ್ನು ಹತ್ತಿರ ತರುವುದು. 24,500ರ ಪುಟ್ ಅನ್ನು 12ಕ್ಕೆ ಕೊಂಡು ಮುಚ್ಚಿ, 24,800ರದ್ದನ್ನು 34ಕ್ಕೆ ಮಾರುವುದು. 22 ರೂಪಾಯಿ ಹೆಚ್ಚಿಗೆ ಬಂತು. ಇದು ಒಪ್ಪಬಹುದಾದ ಕ್ರಮ, ನಾನೂ ಮಾಡುತ್ತೇನೆ. ಆದರೆ ಇದರಲ್ಲಿ ಒಂದು ಗುಂಡಿ ಇದೆ, ಪರದೆಯ ಮೇಲೆ ಅದು ಕಾಣುವುದಿಲ್ಲ. ಮಾರಿದ ಪುಟ್ 24,800ಕ್ಕೆ ಬಂತು, ಕೊಂಡ ಪುಟ್ ಇನ್ನೂ 24,000ದಲ್ಲೇ ಇದೆ. ನಡುವೆ ಈಗ 500 ಅಲ್ಲ, 800 ಪಾಯಿಂಟ್. ಒಟ್ಟು ಕೈಗೆ ಬಂದದ್ದು 53ಕ್ಕೆ 22 ಸೇರಿ 75. ಕೆಟ್ಟ ನಷ್ಟ 725 ಪಾಯಿಂಟ್, 47,125 ರೂಪಾಯಿ. 30,000ದ ಮಿತಿ ಇಟ್ಟುಕೊಂಡವರು ಗೊತ್ತೇ ಇಲ್ಲದೆ ಒಂದೂವರೆ ಪಟ್ಟು ಅಪಾಯ ಹೊತ್ತುಕೊಂಡರು, ಅದೂ ‘ಅಪಾಯ ಕಡಿಮೆ ಮಾಡಿದೆ’ ಎಂಬ ನಂಬಿಕೆಯಲ್ಲಿ.

ಕೊಂಡದ್ದನ್ನೂ ಜೊತೆಗೇ ಸರಿಸಬೇಕು. 24,000ದ ಪುಟ್ ಈಗ 4 ರೂಪಾಯಿಗೆ ಹೋಗುತ್ತದೆ, 24,300ರದ್ದು 9ಕ್ಕೆ ಸಿಗುತ್ತದೆ. ಐದು ರೂಪಾಯಿ ಖರ್ಚು. ಕೈಯಲ್ಲಿ ಒಟ್ಟು 70 ಉಳಿಯಿತು, ಅಗಲ ಮತ್ತೆ 500, ಕೆಟ್ಟ ನಷ್ಟ 430 ಪಾಯಿಂಟ್, 27,950 ರೂಪಾಯಿ. ಮೊದಲಿದ್ದ 29,055ಕ್ಕಿಂತ ಕಡಿಮೆಯೇ ಆಯಿತು. ನನ್ನ ಅಡ್ಜಸ್ಟ್‌ಮೆಂಟ್ ನಿಯಮದ ತಿರುಳು ಇಷ್ಟೇ: ಮಾಡಿದ ಮೇಲೆ ಅತಿ ಕೆಟ್ಟ ನಷ್ಟ ಮೊದಲಿಗಿಂತ ಒಂದು ರೂಪಾಯಿಯೂ ಹೆಚ್ಚಾಗಬಾರದು. ಹೆಚ್ಚಾಗುವುದಾದರೆ ಅಡ್ಜಸ್ಟ್ ಮಾಡುವುದಿಲ್ಲ, ಮುಚ್ಚಿ ಹೊರಬರುತ್ತೇನೆ.

ಆರ್ಡರ್ ಹಾಕುವ ಕ್ರಮವೂ ಮುಖ್ಯ. ಒಳಹೋಗುವಾಗ ದೂರದ್ದನ್ನು ಮೊದಲು ಕೊಂಡು ಆಮೇಲೆ ಹತ್ತಿರದ್ದನ್ನು ಮಾರಬೇಕು. ಹೊರಬರುವಾಗ ಮಾರಿದ್ದನ್ನು ಮೊದಲು ಕೊಂಡು ಮುಚ್ಚಿ, ಆಮೇಲೆ ಹೆಡ್ಜ್ ಮಾರಬೇಕು. ಉಲ್ಟಾ ಮಾಡಿದರೆ ನಡುವಿನ ಆ ಅರ್ಧ ನಿಮಿಷ ನೀವು ಬರಿಗೈ. ಮಾರ್ಜಿನ್ ಒಮ್ಮೆಲೇ ಎರಡು ಲಕ್ಷಕ್ಕೆ ಜಿಗಿದು ಮುಂದಿನ ಆರ್ಡರ್ ರಿಜೆಕ್ಟ್ ಆದರೆ, ಅರ್ಧ ನಿಮಿಷ ಎಂಬುದು ಅರ್ಧ ಗಂಟೆಯಾಗುತ್ತದೆ. ಎಲ್ಲವೂ ಎಂಐಎಸ್ ಅಲ್ಲದೆ ಎನ್‌ಆರ್‌ಎಂಎಲ್‌ನಲ್ಲೇ ಇರಲಿ. ಒಂದನ್ನು ಮರೆತು ಎಂಐಎಸ್‌ನಲ್ಲಿ ಕೊಂಡಿದ್ದರೆ ಸಂಜೆ ಬ್ರೋಕರ್ ಅದನ್ನಷ್ಟೇ ಮಾರಿಬಿಡುತ್ತಾನೆ, ರಾತ್ರಿ ನಿಮ್ಮ ಬಳಿ ಹೆಡ್ಜ್ ಇಲ್ಲ. ದೂರದ ಸ್ಟ್ರೈಕ್‌ಗಳಲ್ಲಿ 50ರ ಗುಣಕಕ್ಕಿಂತ 100, 500ರ ಗುಣಕಗಳಲ್ಲಿ ಕೊಳ್ಳುವವರು ಮಾರುವವರು ಹೆಚ್ಚಿರುತ್ತಾರೆ.

ಅಡ್ಜಸ್ಟ್ ಮಾಡಿದರೆ ನಿಜಕ್ಕೂ ಏನು ಸಿಗುತ್ತದೆ? ಅದೇ ಉದಾಹರಣೆಯನ್ನು ಶುಕ್ರವಾರಕ್ಕೆ ಕೊಂಡೊಯ್ಯುತ್ತೇನೆ. ನಿಫ್ಟಿ ಇನ್ನೂ 200 ಏರಿ 25,420ಕ್ಕೆ ಹೋಯಿತು ಎನ್ನಿ. ಅಡ್ಜಸ್ಟ್ ಮಾಡಿದವರ ನಷ್ಟ, ಮಾಡದವರಿಗಿಂತ 14 ಪಾಯಿಂಟ್ ಕಡಿಮೆ. 900 ರೂಪಾಯಿ ಉಳಿಯಿತು. ಹಾಗಲ್ಲದೆ ನಿಫ್ಟಿ ತಿರುಗಿಬಿದ್ದು 24,850ಕ್ಕೆ ಬಂತು ಎನ್ನಿ. ಹತ್ತಿರ ತಂದ 24,800ರ ಪುಟ್ ಈಗ 110 ಆಗಿದೆ, ಕಾಲ್ 5ಕ್ಕೆ ಇಳಿದಿದೆ. ಹೆಡ್ಜ್ ಎರಡೂ ಸೇರಿ 13 ರೂಪಾಯಿ. ಎಲ್ಲ ಮುಚ್ಚಲು 102 ಬೇಕು, ಕೈಯಲ್ಲಿದ್ದದ್ದು 70. 32 ಪಾಯಿಂಟ್, 2,080 ರೂಪಾಯಿ ನಷ್ಟ. ಅಡ್ಜಸ್ಟ್ ಮಾಡದೆ ಸುಮ್ಮನಿದ್ದವರು ಇದೇ ಹೊತ್ತಿಗೆ ಸುಮಾರು 1,600 ರೂಪಾಯಿ ಲಾಭದಲ್ಲಿ ಇರುತ್ತಿದ್ದರು. 200ರ ಏರಿಕೆಗೂ 370ರ ಇಳಿಕೆಗೂ ಸಮ ಹೋಲಿಕೆ ಸಲ್ಲದು, ಒಪ್ಪುತ್ತೇನೆ. ನಿಫ್ಟಿ 25,200ರ ಸುತ್ತಲೇ ನಿಂತುಬಿಟ್ಟರೆ ಅಡ್ಜಸ್ಟ್‌ಮೆಂಟ್ ಚೆನ್ನಾಗಿ ದುಡಿಯುತ್ತದೆ ಎಂಬುದೂ ನಿಜ. ಆದರೆ ಅದು ಪುಕ್ಕಟೆ ರಕ್ಷಣೆ ಅಲ್ಲ. ಓಟ ನಿಲ್ಲುತ್ತದೆ ಎಂಬುದರ ಮೇಲೆ ಕಟ್ಟಿದ ಹೊಸ ಪಂದ್ಯ ಅದು.

2024ರ ಜೂನ್ ಮೊದಲ ವಾರವನ್ನು ನೆನಪಿಸಿಕೊಳ್ಳಿ. ಮೇ 31ರಂದು ನಿಫ್ಟಿ 22,530ರಲ್ಲಿ ಮುಚ್ಚಿತ್ತು. ಮತಗಟ್ಟೆ ಸಮೀಕ್ಷೆಗಳ ಮೇಲೆ ಜೂನ್ 3ರಂದು 23,263ಕ್ಕೆ ಏರಿ ನಿಂತಿತು. ಕಾಲ್ ಮಾರಿದವರಿಗೆ ಬೆಳಿಗ್ಗೆಯೇ ಪೆಟ್ಟು ಬಿದ್ದಿತ್ತು. ನಷ್ಟ ತುಂಬಿಕೊಳ್ಳಲು ಅಂದು ಪುಟ್‌ಗಳನ್ನು 22,800, 23,000ಕ್ಕೆ ಎಳೆದು ತಂದವರ ಪಾಡು ಮರುದಿನ ಏನಾಯಿತು ನೋಡಿ. ಜೂನ್ 4ರಂದು ಎಣಿಕೆ ನಡೆಯುತ್ತಿದ್ದಂತೆ ನಿಫ್ಟಿ 21,281ರವರೆಗೆ ಬಿದ್ದು 21,884ರಲ್ಲಿ ಮುಚ್ಚಿತು. ಎರಡು ದಿನದಲ್ಲಿ ಎರಡೂ ಕಡೆ. ಆ ವಾರ ಪ್ರೀಮಿಯಂಗಳು ಬಹಳ ದಪ್ಪ ಇದ್ದವು, ಜನ ದೂರದ ಸ್ಟ್ರೈಕ್ ಮಾರಿದ್ದರು ಎಂಬುದು ನಿಜ. ಆದರೆ ಅಡ್ಜಸ್ಟ್ ಮಾಡುವ ನೆಪದಲ್ಲಿ ಆ ದೂರವನ್ನು ಅವರೇ ಕೈಯಾರೆ ಕಡಿಮೆ ಮಾಡಿಕೊಂಡರು.

ಆದ್ದರಿಂದ ನಾನು ವಾರಕ್ಕೆ ಒಂದೇ ಸಲ ಅಡ್ಜಸ್ಟ್ ಮಾಡುವುದು. ಒಂದು ಕಾಲಿನ ಬೆಲೆ ಇನ್ನೊಂದರ ಕಾಲು ಭಾಗಕ್ಕಿಂತ ಕೆಳಗಿಳಿದಿರಬೇಕು, ನಮ್ಮ 12ಕ್ಕೆ 55ರ ಹಾಗೆ. ಎಕ್ಸ್‌ಪೈರಿಗೆ ಇನ್ನೂ ಎರಡು ವಹಿವಾಟಿನ ದಿನವಾದರೂ ಬಾಕಿ ಇರಬೇಕು. ಹೊಸ ಸ್ಟ್ರೈಕ್ ನಿಫ್ಟಿಯಿಂದ ಒಂದೂವರೆ ದಿನದ ಸಾಧಾರಣ ಓಡಾಟದಷ್ಟು ದೂರ ಇರಬೇಕು. 220ರ ಲೆಕ್ಕದಲ್ಲಿ ಅದು 330, ನಮ್ಮ 24,800 ಇದ್ದದ್ದು 420 ದೂರ. ಮರುದಿನ ಬಜೆಟ್, ಚುನಾವಣಾ ಎಣಿಕೆ, ರಿಸರ್ವ್ ಬ್ಯಾಂಕಿನ ದರ ಪ್ರಕಟಣೆ ಇದ್ದರೆ ಅಡ್ಜಸ್ಟ್ ಇಲ್ಲ, ಮುಚ್ಚುವುದೇ. ಒಂದು ಸಲ ಅಡ್ಜಸ್ಟ್ ಮಾಡಿದ ಮೇಲೆ ಇನ್ನೊಂದು ಕಡೆ ಪೆಟ್ಟು ಬಿದ್ದರೂ ಮುಚ್ಚುವುದೇ.

ಅಡ್ಜಸ್ಟ್ ಮಾಡಿದ ಮೇಲೆ ಸ್ಟಾಪ್ ಎಲ್ಲಿರಬೇಕು ಎಂಬಲ್ಲಿ ಬಹಳ ಜನ ಎಡವುತ್ತಾರೆ. ಹೊಸ ಜೋಡಿಯ ಬೆಲೆ 55 ಮತ್ತು 34, ಒಟ್ಟು 89. ಅದರ ಒಂದೂವರೆ ಪಟ್ಟು 133 ಎಂದು ಹೊಸ ಸ್ಟಾಪ್ ಇಡುತ್ತಾರೆ. ಮಾರಿದ್ದರಿಂದ ಇದುವರೆಗೆ ಬಂದದ್ದು 92. ಹಾಗಾದರೆ 133ಕ್ಕೆ ಹೊರಬಿದ್ದರೆ 41 ಪಾಯಿಂಟ್ ನಷ್ಟ, ಮೊದಲು ಒಪ್ಪಿಕೊಂಡಿದ್ದು 35. ಇನ್ನೊಮ್ಮೆ ಅಡ್ಜಸ್ಟ್ ಮಾಡಿ ಇನ್ನೊಮ್ಮೆ ಸ್ಟಾಪ್ ಎತ್ತಿದರೆ 35 ಎಂಬುದು 50 ಆಗುತ್ತದೆ. ಹೊಸ ಜೋಡಿಯನ್ನು ಹೊಸ ವ್ಯಾಪಾರ ಎಂದು ನೋಡುವುದರಿಂದ ಹೀಗಾಗುತ್ತದೆ. ಅದು ಹೊಸದಲ್ಲ, ಅದೇ ವಾರದ ಅದೇ ಖಾತೆ. ಅಡ್ಜಸ್ಟ್ ಮಾಡಿದ ಕ್ಷಣದಿಂದ ನಾನು ಪ್ರೀಮಿಯಂ ಬಿಟ್ಟು ರೂಪಾಯಿ ನೋಡುತ್ತೇನೆ. ಬುಧವಾರದಿಂದ ಮಾರಿದ್ದು, ಕೊಂಡದ್ದು, ಹೆಡ್ಜ್ ಖರ್ಚು ಎಲ್ಲ ಸೇರಿ 2,275 ಹೋದರೆ ಮುಚ್ಚುತ್ತೇನೆ. ಶುಕ್ರವಾರದ ಆ 2,080 ಈ ಗೆರೆಯ ಒಳಗೇ ಇತ್ತು, ಆದರೆ ಎರಡನೇ ಅಡ್ಜಸ್ಟ್‌ಮೆಂಟ್ ನಿಯಮದಲ್ಲಿ ಇಲ್ಲದ್ದರಿಂದ ಅಲ್ಲಿಯೇ ಮುಗಿಸಬೇಕು.

ವಾರದ 5,000 ರೂಪಾಯಿ ಮಿತಿ ಎಲ್ಲಿಂದ ಬಂತು ಎಂಬುದು ಈಗ ಸ್ಪಷ್ಟವಾಗಬಹುದು. ಎರಡು ಸ್ಟಾಪ್ ಸೇರಿ 4,550, ಮೇಲಿನ ಚಿಲ್ಲರೆ ಬ್ರೋಕರೇಜು, ತೆರಿಗೆ, ಬೆಲೆ ಜಾರಿದ್ದಕ್ಕೆ. ಒಂದು ಸ್ಟಾಪ್ ಹೊಡೆದ ಮೇಲೆ ಮರುದಿನ ಇನ್ನೊಮ್ಮೆ ಒಳಹೋಗಬಹುದು. ಅದೂ ಹೊಡೆದರೆ ಮುಂದಿನ ಬುಧವಾರದ ತನಕ ಟರ್ಮಿನಲ್ ತೆರೆಯುವ ಕೆಲಸವಿಲ್ಲ.

ಇಷ್ಟೆಲ್ಲ ಮಾಡಿದರೆ ಎಷ್ಟು ಸಿಗುತ್ತದೆ ಎಂಬುದನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು. ಕೈಗೆ ಬಂದ 53ರಲ್ಲಿ ಅರ್ಧ ಕರಗಿದಾಗ ಮುಗಿಸಿದರೆ ಒಳ್ಳೆಯ ವಾರದಲ್ಲಿ 1,700 ರೂಪಾಯಿ ಚಿಲ್ಲರೆ. ಐದು ಲಕ್ಷದ ಮೇಲೆ ಶೇ. 0.34. ಬೆಲೆ ಜಿಗಿದು ಪೂರ್ತಿ 29,055 ಹೋದ ಒಂದು ವಾರವನ್ನು ತುಂಬಲು ಇಂಥ 17 ವಾರ ಬೇಕು, ನಡುವೆ ಒಂದೂ ಸ್ಟಾಪ್ ಹೊಡೆಯದಿದ್ದರೆ. ತಿಂಗಳಿಗೆ ಶೇ. 4, 5 ಎಂದು ಯಾರಾದರೂ ಹೇಳಿದರೆ ಅವರು ಎಷ್ಟು ಲಾಟ್ ಮಾರುತ್ತಾರೆ, ರಾತ್ರಿ ಹೆಡ್ಜ್ ಇರುತ್ತದೆಯೇ ಎಂದು ಕೇಳಿ. ಉತ್ತರದಲ್ಲಿ ಮಿತಿ ಎಲ್ಲಿ ಹೋಯಿತು ಎಂಬುದು ತಿಳಿಯುತ್ತದೆ.

ಕೆಲವರು ವಾರಾಂತ್ಯದ ಭಯಕ್ಕೆ ಶುಕ್ರವಾರವೇ ಮುಚ್ಚಿ ಸೋಮವಾರ ಹೊಸದಾಗಿ ಮಾರುತ್ತಾರೆ. ಅದು ತಪ್ಪಲ್ಲ. ಕೆಟ್ಟ ನಷ್ಟ ಇಳಿಯುತ್ತದೆ, ಪ್ರೀಮಿಯಂ ಕೂಡ ಇಳಿಯುತ್ತದೆ. ಇನ್ನೊಂದು ದಾರಿಯೂ ಇದೆ. ಹೆಡ್ಜನ್ನು 500ರ ಬದಲು 300 ಪಾಯಿಂಟ್ ದೂರದಲ್ಲಿ ಕೊಂಡರೆ ಖರ್ಚು 27ಕ್ಕೆ ಏರಿ ಕೈಗೆ 43 ಬರುತ್ತದೆ, ಆದರೆ ಕೆಟ್ಟ ನಷ್ಟ 16,705ಕ್ಕೆ ಇಳಿಯುತ್ತದೆ. ಮೂರು ಲಕ್ಷದ ಖಾತೆಯವರಿಗೆ ನಾನು ಇದನ್ನೇ ಹೇಳುವುದು. ಶೇ. 6ರ ಲೆಕ್ಕದಲ್ಲಿ ಅವರ ಮಿತಿ 18,000, ಒಂದು ಲಾಟ್ ಅದರೊಳಗೆ ಕೂರುತ್ತದೆ. ಎರಡು ಲಕ್ಷದವರಿಗೆ ಮಿತಿ 12,000. ಅವರಿಗೆ 300ರ ಅಗಲವೂ ದೊಡ್ಡದಾಯಿತು, 200ಕ್ಕೆ ಇಳಿಸಬೇಕು, ಆಗ ಖರ್ಚು ಕಳೆದು ಉಳಿಯುವ ಪ್ರೀಮಿಯಂ ಕೈಗೆ ಹತ್ತುವಷ್ಟು ಇರುವುದಿಲ್ಲ. ಅವರು ಈ ಕೆಲಸಕ್ಕೆ ಇನ್ನೂ ಇಳಿಯದಿರುವುದೇ ವಾಸಿ. ಐದು ಲಕ್ಷದವರು ಎರಡನೇ ಲಾಟ್ ಯಾವಾಗ ಎಂದು ಕೇಳಿದರೆ, ಖಾತೆ ಹತ್ತು ಲಕ್ಷ ಮುಟ್ಟಿದ ದಿನ.

ಇಂತಿ,
ನಿಮ್ಮ ಹಾಗೆಯೇ ಬುಧವಾರ ಸ್ಟ್ರ್ಯಾಂಗಲ್ ಮಾರುವ ಒಬ್ಬ ಗೆಳೆಯ